ಉಂಡ ಮನೆಗೊಂದು ಕಾಗದ

ಜನವರಿ ತಿಂಗಳಲ್ಲಿ ಶಿರಸಿ ಸೀಮೆಯ ಅಡಿಕೆ ಬೆಳೆಗಾರರ ಮನೆಯ ಅಂಗಳ ಖಾಲಿ ಇರುವುದೇ ಇಲ್ಲ. ಬೇಯಿಸಿದ ಅಡಿಕೆಯನ್ನು ಅಟ್ಟದ ಮೇಲೆ ಹರವಿರುತ್ತಾರೆ. ಒಂದು ಮೂಲೆಯಲ್ಲಿ ಸಿಪ್ಪೆಯ ರಾಶಿ, ಇನ್ನೊಂದು ಮೂಲೆಯಲ್ಲಿ ಅಂದು ಬೆಳಿಗ್ಗೆ ತೋಟದಿಂದ ಹೊತ್ತು ತಂದ ಕೊನೆಗಳು. ಮನೆಯವರಿಗೆಲ್ಲ ಕೈತುಂಬ ಕೆಲಸ. ಪೇಟೆಯವರಿಗೆ ರಜೆ ಸಿಗುವುದೂ ಹೆಚ್ಚುಕಡಿಮೆ ಇದೇ ದಿನಗಳಲ್ಲಿ. ಹಾಗಾಗಿ ವಿಶ್ರಾಂತಿಗೆಂದು ಹಳ್ಳಿಯ ಹೋಂಸ್ಟೇಗೆ ಹೋದವರು, ಆ ಮನೆ ವರ್ಷದಲ್ಲೇ ಹೆಚ್ಚು ದುಡಿಯುವ ಹೊತ್ತಿನಲ್ಲಿ ಅದರ ಜಗುಲಿಯ ಮೇಲೆ ಕಾಲು ಚಾಚಿ ಕೂತಿರುತ್ತಾರೆ.

ಊರಿಗೆ ಮರಳಿದ ಮೇಲೆ ಆ ಮನೆಗೊಂದು ಕಾಗದ ಬರೆಯೋಣ ಅನ್ನಿಸುತ್ತದೆ. ದುಡ್ಡು ಕೊಟ್ಟಾಗಿದೆಯಲ್ಲ, ಮತ್ತೇನು ಬರೆಯುವುದು ಎಂದು ಕೇಳುವವರೂ ಇದ್ದಾರೆ. ಕೋಣೆಗೆ, ಊಟಕ್ಕೆ, ಕಾಫಿಗೆ ದುಡ್ಡು ಕೊಟ್ಟದ್ದು ನಿಜ. ಆದರೆ ಅಜ್ಜಿ ತನ್ನ ಮಿಡಿ ಭರಣಿಯನ್ನು ತೆರೆದು ಮಕ್ಕಳ ಕೈಗೆ ಒಂದೊಂದು ಮಿಡಿ ಇಟ್ಟದ್ದು, ಯಜಮಾನರು ಕೊಯ್ಲಿನ ನಡುವೆ ಒಂದು ಬೆಳಗಿನ ಹೊತ್ತು ಬಿಡುವು ಮಾಡಿಕೊಂಡು ಬೆಟ್ಟ ತೋರಿಸಿದ್ದು, ನಸುಕಿನಲ್ಲೇ ಎದ್ದು ಯಾರೋ ಬಚ್ಚಲ ಹಂಡೆಗೆ ಬೆಂಕಿ ಹಾಕಿದ್ದು, ಇವು ಯಾವ ಬಿಲ್ಲಿನಲ್ಲೂ ಇರಲಿಲ್ಲ. ಕಾಗದದಲ್ಲಿ ಬರೆಯಬೇಕಾದದ್ದು ಇವುಗಳನ್ನೇ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಬೆಂಗಳೂರಿನ ಒಂದು ಸಂಸಾರ: ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ, ಹವ್ಯಕರ ಮನೆಯೊಂದರಲ್ಲಿ ರಜೆ ಕಳೆದು ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಮನೆಯಲ್ಲಿ ಯಜಮಾನರು, ಅವರ ಹೆಂಡತಿ, ಎಂಬತ್ತು ದಾಟಿದ ಅಜ್ಜಿ. ಮಗ ಹೊರಗೆಲ್ಲೋ ಕೆಲಸದಲ್ಲಿದ್ದಾನೆ. ಬೆಂಗಳೂರಿನ ಹೆಣ್ಣುಮಗಳು ಬಂದ ವಾರವೇ ಪೆನ್ನು ಹಿಡಿದು ಕೂರುತ್ತಾಳೆ. ಮೊದಲು ಬರುವುದು ಎಲ್ಲರಿಗೂ ಬರುವ ಸಾಲುಗಳೇ:

“ನಿಮ್ಮ ಮನೆಯಲ್ಲಿ ಕಳೆದ ದಿನಗಳು ಅವಿಸ್ಮರಣೀಯ. ಊಟ ತುಂಬಾ ರುಚಿಯಾಗಿತ್ತು. ಪರಿಸರ ಬಹಳ ಸುಂದರವಾಗಿದೆ. ನಿಮ್ಮ ಆತಿಥ್ಯಕ್ಕೆ ಹೃತ್ಪೂರ್ವಕ ಧನ್ಯವಾದಗಳು.”

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ವಿಳಾಸ ಬದಲಿಸಿ ಇದೇ ಕಾಗದವನ್ನು ಮಡಿಕೇರಿಗೋ ಸಕಲೇಶಪುರಕ್ಕೋ ಕಳಿಸಿದರೂ ನಡೆಯುತ್ತದೆ. ಓದಿದ ಮನೆಯವರಿಗೆ ತಾವು ಮಾಡಿದ್ದರಲ್ಲಿ ಯಾವುದು ಇವರ ಮನಸ್ಸಿಗೆ ಹಿಡಿಯಿತು ಎಂದು ತಿಳಿಯುವುದಿಲ್ಲ. ಕಾಗದ ಸರಿಯಾಗಿದೆಯೇ ಎಂದು ನೋಡಲು ಇಷ್ಟು ಸಾಕು: ಪ್ರತಿ ವಾಕ್ಯವನ್ನೂ ಓದಿ, ಇದು ಬೇರೆ ಮನೆಗೂ ಸಲ್ಲುತ್ತದೆಯೇ ಎಂದು ಕೇಳಿಕೊಳ್ಳುವುದು. ಸಲ್ಲುವುದಾದರೆ ಆ ವಾಕ್ಯವನ್ನು ಮತ್ತೆ ಬರೆಯಬೇಕು.

ಶುರು ಮಾಡುವುದು ಹೇಗೆ ಎಂಬುದು ಅನೇಕರ ತೊಡಕು. ಹಿಂದಿನವರು ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಆರಂಭಿಸಿ ನೇರ ವಿಷಯಕ್ಕೆ ಬರುತ್ತಿದ್ದರು. ಈಗ ಅಷ್ಟು ಬೇಕಿಲ್ಲ. ಆದರೆ ಅದರಲ್ಲಿದ್ದ ಕ್ರಮ ಒಳ್ಳೆಯದು: ಮೊದಲು ಹಿರಿಯರಿಗೆ ನಮಸ್ಕಾರ, ಆಮೇಲೆ ನಮ್ಮ ಕ್ಷೇಮ, ಆಮೇಲೆ ಅವರ ಕ್ಷೇಮದ ವಿಚಾರಣೆ. ಹಳ್ಳಿಯ ಮನೆಗೆ ಬಂದ ಕಾಗದವನ್ನು ಒಬ್ಬರೇ ಓದಿ ಮಡಚಿಡುವುದು ಕಡಿಮೆ. ಊಟದ ಹೊತ್ತಿಗೋ ಸಂಜೆ ಜಗುಲಿಯಲ್ಲೋ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ. ಆದ್ದರಿಂದ ಕಾಗದದಲ್ಲಿ ಪ್ರತಿಯೊಬ್ಬರಿಗೂ ಅವರವರ ಪಾಲು ಇರಬೇಕು. ಅಲ್ಲಿದ್ದಾಗ ಯಾರನ್ನು ಏನೆಂದು ಕರೆದಿದ್ದರೋ ಕಾಗದದಲ್ಲೂ ಹಾಗೆಯೇ ಕರೆಯಬೇಕು. ಬಾಯಲ್ಲಿ ‘ಅಕ್ಕ’ ಎಂದು ಕರೆದವರನ್ನು ಕಾಗದದಲ್ಲಿ ‘ಮಾನ್ಯರೇ’ ಎಂದರೆ ಬ್ಯಾಂಕಿನಿಂದ ಬಂದ ನೋಟಿಸು ಓದಿದ ಹಾಗಾಗುತ್ತದೆ.

“ಅಜ್ಜಿಯವರಿಗೆ ನಮ್ಮೆಲ್ಲರ ಸಾಷ್ಟಾಂಗ ನಮಸ್ಕಾರಗಳು. ರಾಯರಿಗೂ ಅಕ್ಕನಿಗೂ ನಮಸ್ಕಾರ. ನಾವು ಸೋಮವಾರ ಬೆಳಿಗ್ಗೆ ಸುಖವಾಗಿ ಊರು ಮುಟ್ಟಿದೆವು. ನೀವು ಬುತ್ತಿ ಕಟ್ಟಿಕೊಟ್ಟ ಅವಲಕ್ಕಿ ದಾರಿಯಲ್ಲೇ ಖಾಲಿಯಾಯಿತು. ಕೊಯ್ಲು ಎಲ್ಲಿಗೆ ಬಂತು? ಅಜ್ಜಿಯ ಮಂಡಿನೋವು ಹೇಗಿದೆ?”

ಇಷ್ಟೇ ಸಾಕು. ಕೊನೆಯ ಎರಡು ಪ್ರಶ್ನೆಗಳನ್ನು ನೋಡಿ. ಅವುಗಳನ್ನು ಕೇಳಬಲ್ಲವರು ಆ ಮನೆಯಲ್ಲಿ ಇದ್ದು ಬಂದವರು ಮಾತ್ರ.

ಇನ್ನು ಊಟ. ಹವ್ಯಕರ ಮನೆಯ ಎಲೆಯಲ್ಲಿ ಪದಾರ್ಥಗಳು ಬರುವುದಕ್ಕೆ ಒಂದು ಸರದಿ ಉಂಟು. ಅನ್ನಕ್ಕೆ ಮೊದಲು ತಂಬುಳಿ. ಒಂದೆಲಗದ್ದಾದರೆ ಎಲೆಯನ್ನು ಜೀರಿಗೆ, ಕಾಳುಮೆಣಸು, ತೆಂಗಿನತುರಿಯ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆ ಸೇರಿಸಿದರೆ ಆಯಿತು. ಕುದಿಸುವ ಹಾಗಿಲ್ಲ. ಆಮೇಲೆ ಸಾರು, ಹುಳಿ, ಪಲ್ಯ. ಮಜ್ಜಿಗೆ ಅನ್ನಕ್ಕೆ ಮೊದಲೋ ನಡುವೆಯೋ ಲೋಟದಲ್ಲಿ ಕುಡಿಯಲು ಅಪ್ಪೆಹುಳಿ. ನೋಡಲು ನೀರಿನಷ್ಟೇ ತೆಳ್ಳಗೆ, ಹುಳಿ ಮಾತ್ರ ಕಣ್ಣು ಮುಚ್ಚಿಸುತ್ತದೆ. ಇಂಗಿನ ಒಗ್ಗರಣೆಯ ಘಮ. ಕುಡಿದವರಿಗೆ ಮಧ್ಯಾಹ್ನ ಒಳ್ಳೆ ನಿದ್ದೆ ಹತ್ತುತ್ತದೆ ಎಂದು ಆ ಸೀಮೆಯವರೆಲ್ಲ ಹೇಳುತ್ತಾರೆ, ಅತಿಥಿಗಳು ಒಪ್ಪುತ್ತಾರೆ.

ಅಪ್ಪೆಹುಳಿಗೆ ಬೇಕಾದ ಅಪ್ಪೆಮಿಡಿ ಜನವರಿಯಲ್ಲಿ ಮರದಲ್ಲಿ ಇರುವುದಿಲ್ಲ. ಹೊಳೆ ಹಳ್ಳಗಳ ದಂಡೆಯಲ್ಲಿ ತಾನಾಗಿ ಬೆಳೆದ ಮಾವಿನ ಮರಗಳಲ್ಲಿ ಮಿಡಿ ಸಿಗುವುದು ಫೆಬ್ರವರಿ ಕಳೆದ ಮೇಲೆ. ಮರ ಹತ್ತಿ, ತೊಟ್ಟು ಮುರಿಯದ ಹಾಗೆ, ನೆಲಕ್ಕೆ ಬೀಳದ ಹಾಗೆ ಇಳಿಸಬೇಕು. ಬಿದ್ದು ಪೆಟ್ಟು ತಿಂದ ಮಿಡಿ ಭರಣಿಯಲ್ಲಿ ಕೊಳೆಯುತ್ತದೆ, ಜೊತೆಗಿದ್ದವನ್ನೂ ಕೆಡಿಸುತ್ತದೆ. ತಂದ ಮಿಡಿಗೆ ಕಲ್ಲುಪ್ಪು ಬೆರೆಸಿ ವಾರಗಟ್ಟಲೆ ಇಟ್ಟರೆ ಅದು ನೀರು ಬಿಟ್ಟು ಸುಕ್ಕುಗಟ್ಟುತ್ತದೆ. ಅದೇ ಉಪ್ಪುನೀರಿನಲ್ಲಿ ಮುಂದಿನ ವರ್ಷದವರೆಗೂ ಉಳಿಯುತ್ತದೆ. ಅಪ್ಪೆಮಿಡಿಗೆ 2009ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. ಆದರೆ ಮನೆಯ ಒಳಗೆ ಅದರ ಬೆಲೆ ಬೇರೆ. ಜನವರಿಯ ಹೊತ್ತಿಗೆ ಹಳೆಯ ಮಿಡಿ ತಳ ಕಂಡಿರುತ್ತದೆ, ಹೊಸದು ಬರಲು ಇನ್ನೂ ತಿಂಗಳಾದರೂ ಬೇಕು. ಅಂಥ ಹೊತ್ತಿನಲ್ಲಿ ಅತಿಥಿಗಳ ಮಕ್ಕಳಿಗೆಂದು ಭರಣಿಗೆ ಕೈಹಾಕುವುದು ಎಂದರೆ ತಮ್ಮ ಪಾಲಿನದನ್ನು ಕೊಟ್ಟ ಹಾಗೆ. ಇಷ್ಟು ಗೊತ್ತಿದ್ದರೆ ‘ಊಟ ರುಚಿಯಾಗಿತ್ತು’ ಎಂಬ ವಾಕ್ಯ ತಾನಾಗಿ ಬದಲಾಗುತ್ತದೆ.

ಅದೇ ಮನೆಯಲ್ಲಿ ಒಂದು ಸಂಜೆ ತೊಡೆದೇವು ಮಾಡಿದ್ದರು ಎಂದುಕೊಳ್ಳಿ. ಜನವರಿ ಎಂದರೆ ಊರಿನ ಕಡೆ ಆಲೆಮನೆಗಳು ಶುರುವಾಗುವ ಕಾಲ, ಕಬ್ಬಿನ ಹಾಲು ಸಿಗುತ್ತದೆ. ನೆನೆಸಿದ ಅಕ್ಕಿಯನ್ನು ಕಬ್ಬಿನ ಹಾಲಿನಲ್ಲಿ ರುಬ್ಬಿ, ನೀರಾದ ಹಿಟ್ಟು ಮಾಡಿಕೊಳ್ಳುತ್ತಾರೆ. ಮಣ್ಣಿನ ಮಡಕೆಯನ್ನು ಒಲೆಯ ಮೇಲೆ ಬೋರಲು ಹಾಕಿ, ಹೊಟ್ಟೆಗೆ ಎಣ್ಣೆ ಸವರಿ ಕಾಯಿಸುತ್ತಾರೆ. ಕಡ್ಡಿಗೆ ಸುತ್ತಿದ ತೆಳು ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಮಡಕೆಯ ಮೇಲೆ ಒಂದೇ ಸಲ ಎಳೆದರೆ ಕಾಗದಕ್ಕಿಂತ ತೆಳುವಾದ ಪದರ ಕೂರುತ್ತದೆ. ಅದರ ಮೇಲೆ ತುಪ್ಪ ಸವರಿ, ಅಂಚು ಬಿಟ್ಟ ಕೂಡಲೇ ಬಿಡಿಸಿ, ಬಿಸಿ ಇರುವಾಗಲೇ ತ್ರಿಕೋನವಾಗಿ ಮಡಚಬೇಕು. ಒಂದು ಗಳಿಗೆ ತಡವಾದರೆ ಮಡಚಲು ಹೋದಾಗ ಮುರಿಯುತ್ತದೆ. ಮಡಕೆ ಕಾಯ್ದದ್ದು ಸಾಲದಿದ್ದರೆ ಅಂಟುತ್ತದೆ, ಹೆಚ್ಚಾದರೆ ಹಿಟ್ಟು ಕೂರುವ ಮೊದಲೇ ಸೀಯುತ್ತದೆ. ಒಂದು ಸಲಕ್ಕೆ ಒಂದೇ. ಮನೆಮಂದಿಗೂ ಅತಿಥಿಗಳಿಗೂ ಆಗುವಷ್ಟು ಮಾಡಬೇಕಾದರೆ ಒಲೆಯ ಮುಂದೆ ಗಂಟೆಗಟ್ಟಲೆ ಕೂರಬೇಕು. ಅದೂ ದಿನವಿಡೀ ಕೆಲಸದಾಳುಗಳಿಗೆ ಅಡಿಗೆ ಮಾಡಿ ದಣಿದ ಮೇಲೆ.

ನಮ್ಮ ಹೆಣ್ಣುಮಗಳು ಊಟದ ಪ್ಯಾರಾವನ್ನು ಹೀಗೆ ತಿದ್ದುತ್ತಾಳೆ:

“ಅಕ್ಕ, ಅಂದು ತೊಡೆದೇವು ಮಾಡುವಾಗ ನೀವು ಒಲೆಯ ಮುಂದಿನಿಂದ ಏಳಲೇ ಇಲ್ಲ. ನಾವು ತಿನ್ನುತ್ತಲೇ ಇದ್ದೆವು. ನೀವು ಯಾವಾಗ ತಿಂದಿರೋ ಗೊತ್ತಿಲ್ಲ. ನನ್ನ ಕೈಗೆ ಬಟ್ಟೆ ಕೊಟ್ಟಿರಲ್ಲ, ನಾನು ಎಳೆದದ್ದೆಲ್ಲ ಮಡಕೆಗೇ ಅಂಟಿತು. ಚೂರುಗಳನ್ನು ಬಿಸಾಡದೆ ನೀವೇ ಬಟ್ಟಲಿಗೆ ಹಾಕಿಕೊಂಡಿರಿ. ಚಿಕ್ಕವನು ಮನೆಗೆ ಬಂದ ಮೇಲೂ ಒಂದೆಲಗದ ತಂಬುಳಿ ಕೇಳುತ್ತಿದ್ದಾನೆ. ನಮ್ಮ ಬೀದಿಯ ಸೊಪ್ಪಿನವರಲ್ಲಿ ಹೇಳಿ ತರಿಸಿದೆ, ನಿಮ್ಮ ಅಳತೆಯಲ್ಲೇ ಮಾಡಿದೆ. ಮೆಣಸು ಹೆಚ್ಚಾಯಿತು ಅಂತ ಕಾಣುತ್ತದೆ. ಅಜ್ಜಿ, ನೀವು ಕೊಟ್ಟ ಮಿಡಿ ಕೊನೆಯ ಭರಣಿಯದ್ದು ಅಂತ ಆಮೇಲೆ ತಿಳಿಯಿತು. ಮಕ್ಕಳಿಗೆ ಅದನ್ನು ಹೇಳಿದ್ದೇನೆ.”

ಇಲ್ಲಿ ಎಲ್ಲೂ ‘ರುಚಿ’ ಎಂಬ ಮಾತು ಬಂದಿಲ್ಲ. ಬೆಂಗಳೂರಿಗೆ ಬಂದು ತಂಬುಳಿ ಮಾಡಿ ನೋಡಿದೆವು ಎಂದರೆ ಅಡಿಗೆ ಮಾಡಿದವರಿಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಬೇಕಿಲ್ಲ. ಅಕ್ಕನಿಗೆ ಉತ್ತರ ಹೇಳಲು ಒಂದು ಎಳೆಯೂ ಸಿಕ್ಕಿತು: ಮೆಣಸು ಎಷ್ಟು ಹಾಕಿದಿರಿ, ನಾಲ್ಕು ಕಾಳು ಸಾಕು.

ತಿರುಗಾಟದ ಬಗ್ಗೆ ಬರೆಯುವಾಗ ಹೆಚ್ಚಿನವರು ನೋಡಿದ ಸ್ಥಳಗಳ ಪಟ್ಟಿ ಕೊಡುತ್ತಾರೆ. ಶಾಲ್ಮಲಾ ಹೊಳೆಯ ಸಹಸ್ರಲಿಂಗ, ಸೋಂದೆಯ ಮಠ, ಉಂಚಳ್ಳಿ ಜಲಪಾತ, ಯಾಣ. ಇವೆಲ್ಲ ನೋಡತಕ್ಕವೇ. ಚಳಿಗಾಲದಲ್ಲಿ ನೀರು ಇಳಿದಾಗ ಹೊಳೆಯ ನಡುವಿನ ಬಂಡೆಗಳಲ್ಲಿ ಲಿಂಗಗಳೂ ಎದುರಿನ ಬಸವಗಳೂ ಎದ್ದು ಕಾಣುವುದನ್ನು ನೋಡಿದವರು ಮರೆಯುವುದಿಲ್ಲ. ಆದರೆ ಆ ಮನೆಯವರು ಹುಟ್ಟಿದಾಗಿನಿಂದ ಅವನ್ನು ನೋಡುತ್ತಿದ್ದಾರೆ. ಅವರಿಗೆ ಬರೆಯುವ ಕಾಗದದಲ್ಲಿ ಅವರೇ ಕರೆದುಕೊಂಡು ಹೋದ ದಾರಿ ಮುಖ್ಯ. ಅದು ಹೆಚ್ಚೆಂದರೆ ಮನೆಯ ಹಿಂದಿನ ತೋಟ, ತೋಟದ ಆಚೆಗಿನ ಬೆಟ್ಟ.

ಅಡಿಕೆ ತೋಟ ಇರುವುದು ಕಣಿವೆಯ ತಗ್ಗಿನಲ್ಲಿ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿರುತ್ತದೆ, ನೆರಳಿನಲ್ಲಿ ಏಲಕ್ಕಿ, ಬಾಳೆ. ಸಾಲುಗಳ ನಡುವೆ ನೀರು ಬಸಿಯಲು ಕಾದಿಗೆ, ಅದನ್ನು ದಾಟಲು ಅಡಿಕೆ ಮರದ ಸಂಕ. ತೋಟದ ಮೇಲಿನ ಇಳಿಜಾರಿನ ಕಾಡಿಗೆ ಅಲ್ಲಿಯವರು ಸೊಪ್ಪಿನ ಬೆಟ್ಟ ಎನ್ನುತ್ತಾರೆ. ಅಲ್ಲಿಂದ ಹಸಿ ಸೊಪ್ಪು, ಒಣಗಿದ ದರಕು ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸುತ್ತಾರೆ. ಅದು ಸಗಣಿಯೊಂದಿಗೆ ಬೆರೆತು ಗೊಬ್ಬರವಾಗಿ ಮತ್ತೆ ತೋಟಕ್ಕೆ ಇಳಿಯುತ್ತದೆ. ಬ್ರಿಟಿಷರ ಕಾಲದಲ್ಲೇ ಇಲ್ಲಿನ ಬೆಳೆಗಾರರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿ ಬಂದಿತ್ತು. ಬೆಟ್ಟ ಅವರ ಸ್ವಂತದ್ದಲ್ಲ, ಸೊಪ್ಪಿನ ಹಕ್ಕು ಮಾತ್ರ ಅವರದ್ದು. ಅತಿಥಿಗಳ ಕಣ್ಣಿಗೆ ಅದು ಬರೀ ಕಾಡು. ಯಜಮಾನರು ಜೊತೆಯಲ್ಲಿದ್ದರೆ ಯಾವ ಮರದ ಟೊಂಗೆ ಕಳೆದ ವರ್ಷ ಕಡಿದದ್ದು, ಯಾವುದನ್ನು ಈ ವರ್ಷ ಬಿಟ್ಟಿದ್ದಾರೆ ಎಂದು ತೋರಿಸುತ್ತಾರೆ. ವಿಪರೀತ ಕಡಿದ ಬೆಟ್ಟದಲ್ಲಿ ಮರಗಳು ಮೊಂಡಾಗಿ, ನಡುವೆ ಬರಿಯ ಹುಲ್ಲು ಬೆಳೆದಿರುತ್ತದೆ. ನೋಡಿಕೊಂಡ ಬೆಟ್ಟದಲ್ಲಿ ನೆಲ ಕಾಣದಷ್ಟು ದರಕು ಬಿದ್ದಿರುತ್ತದೆ.

ಹುಲೇಕಲ್ ಕಡೆಯ ಈ ಕಾಡಿಗೆ ಇನ್ನೊಂದು ನೆನಪೂ ಅಂಟಿಕೊಂಡಿದೆ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಮಾಡಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಉತ್ತರದ ಚಿಪ್ಕೊ ಚಳವಳಿಯಿಂದ ಪ್ರೇರಣೆ ಪಡೆದ ಅಪ್ಪಿಕೊ ಚಳವಳಿ ಶುರುವಾದದ್ದು ಹೀಗೆ. ಪಾಂಡುರಂಗ ಹೆಗಡೆಯವರು ಅದರ ಮುಂಚೂಣಿಯಲ್ಲಿದ್ದರು. ಈಗ ಅರವತ್ತು ದಾಟಿದ ಯಜಮಾನರಿಗೆ ಆಗ ಇಪ್ಪತ್ತರ ಹರೆಯ. ಬೆಟ್ಟ ತೋರಿಸುವಾಗ ಆ ಮಾತು ಬರದೇ ಇರುವುದು ಅಪರೂಪ.

ತೋಟದಲ್ಲಿ ಕಂಡ ಕೊನೆಗೌಡನೂ ಕಾಗದಕ್ಕೆ ಬರಬೇಕು. ಕಾಲಿಗೆ ಹಗ್ಗದ ಕುಣಿಕೆ ಹಾಕಿಕೊಂಡು ನುಣುಪಾದ ಅಡಿಕೆ ಮರ ಹತ್ತಿ, ಕೊನೆ ಕೊಯ್ದು ಕೆಳಗಿರುವವನು ಬಿಗಿಯಾಗಿ ಹಿಡಿದ ನೇಣಿನಲ್ಲಿ ಜಾರಿಬಿಡುತ್ತಾನೆ. ಒಂದು ಮರದಲ್ಲಿ ಮುಗಿದರೆ ಇಳಿಯುವುದಿಲ್ಲ. ಮರವನ್ನೇ ಬಾಗಿಸಿ ಪಕ್ಕದ ಮರ ಹಿಡಿದು ಅದಕ್ಕೆ ದಾಟಿಕೊಳ್ಳುತ್ತಾನೆ. ಹೀಗೆ ಹತ್ತಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನೆಲದ ಮೇಲೆ ನಿಂತೇ ಕೊಯ್ಯುವ ಫೈಬರ್ ದೋಟಿಗಳು ಬಂದಿವೆ. ಕೊನೆಗೌಡ ಬರುವ ದಿನ ಗೊತ್ತಾದ ಮೇಲೆ ಮನೆಯ ಉಳಿದ ಕೆಲಸಗಳೆಲ್ಲ ಅವನ ದಿನಕ್ಕೆ ಹೊಂದಿಕೊಳ್ಳುತ್ತವೆ. ಅಂಥ ದಿನ ಅತಿಥಿಗಳಿಗೆ ತೋಟ ತೋರಿಸುತ್ತ ನಿಲ್ಲುವುದು ಯಜಮಾನರಿಗೆ ಸುಲಭವಲ್ಲ.

“ರಾಯರೇ, ಕೊಯ್ಲಿನ ದಿನ ನಿಮಗೆ ತೊಂದರೆ ಕೊಟ್ಟೆವು. ಆದರೂ ನೀವು ಬೆಟ್ಟದ ನೆತ್ತಿಯವರೆಗೂ ಬಂದಿರಿ. ಸಂಕ ದಾಟಲು ಹೆದರಿದ ಮಗಳನ್ನು ಎತ್ತಿಕೊಳ್ಳದೆ, ಆಚೆ ನಿಂತು ‘ನಿಧಾನಕ್ಕೆ ಬಾ ತಂಗಿ, ಕೆಳಗೆ ನೋಡಬೇಡ’ ಎಂದಿರಿ. ವಾಪಸು ಬರುವಾಗ ಅವಳೇ ಮುಂದೆ ದಾಟಿದಳು. ಸೊಪ್ಪಿನ ಬೆಟ್ಟದಲ್ಲಿ ನೀವು ಕಾಲಿನಿಂದ ದರಕು ಸರಿಸಿ ಕೆಳಗಿನ ಒದ್ದೆ ಮಣ್ಣು ತೋರಿಸಿದ್ದನ್ನು ಅವಳು ಶಾಲೆಯಲ್ಲಿ ಹೇಳಿದ್ದಾಳೆ. ನೇಣು ಹಿಡಿಯಲು ಒಂದು ಗಳಿಗೆ ಬಿಟ್ಟ ಕೊನೆಗೌಡರಿಗೂ ನಮ್ಮ ನಮಸ್ಕಾರ ತಿಳಿಸಿ.”

ಕೊನೆಗೌಡನಿಗೆ, ಕೊಟ್ಟಿಗೆ ನೋಡಿಕೊಳ್ಳುವವರಿಗೆ, ಪಾತ್ರೆ ತೊಳೆದುಕೊಟ್ಟವರಿಗೆ ಹೀಗೊಂದು ನಮಸ್ಕಾರ ಬರೆಯುವುದು ಮರೆತುಹೋಗುತ್ತದೆ. ಅವರ ಹೆಸರು ಗೊತ್ತಿದ್ದರೆ ಹೆಸರನ್ನೇ ಬರೆಯಬೇಕು. ಯಜಮಾನರು ಆ ಸಾಲನ್ನು ಅವರಿಗೆ ಓದಿ ಹೇಳುತ್ತಾರೆ.

ಸಂಜೆಯ ಮಾತುಕತೆಯನ್ನು ಕಾಗದದಲ್ಲಿ ತರುವುದು ಇವೆಲ್ಲಕ್ಕಿಂತ ಕಷ್ಟ. ಜನವರಿಯಲ್ಲಿ ಈ ಮನೆಗಳಲ್ಲಿ ಸಂಜೆ ಎಂದರೆ ಅಡಿಕೆ ಸುಲಿಯುವ ಹೊತ್ತು. ಕೆಂಪಡಿಕೆ ಮಾಡಬೇಕಾದರೆ ಹಸಿ ಇರುವಾಗಲೇ ಕೊಯ್ದು, ಒಂದೆರಡು ದಿನದೊಳಗೆ ಸುಲಿದು, ಹಂಡೆಯಲ್ಲಿ ಚೊಗರಿನ ಜೊತೆ ಬೇಯಿಸಬೇಕು. ತಡವಾದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಪೇಟೆಯಲ್ಲಿ ದರ ಬೀಳುತ್ತದೆ. ಹಣ್ಣಾದ ಮೇಲೆ ಕೊಯ್ದು ಸಿಪ್ಪೆ ಸಮೇತ ತಿಂಗಳಿಗೂ ಹೆಚ್ಚು ಕಾಲ ಒಣಗಿಸುವ ಚಾಲಿಗೆ ಈ ಅವಸರ ಇಲ್ಲ. ಹಾಗಾಗಿ ಕೆಂಪಡಿಕೆಯ ಮನೆಯಲ್ಲಿ ಹಗಲು ಕೊಯ್ದದ್ದನ್ನು ರಾತ್ರಿ ಸುಲಿಯುತ್ತಾರೆ. ಹಲಗೆಗೆ ನೆಟ್ಟಗೆ ನಿಲ್ಲಿಸಿದ ಮೆಟ್ಟುಗತ್ತಿಯನ್ನು ಕಾಲಿನಿಂದ ಒತ್ತಿ ಹಿಡಿದು ಸಾಲಾಗಿ ಕೂರುತ್ತಾರೆ. ಕಾಯನ್ನು ಕತ್ತಿಯ ಅಲುಗಿಗೆ ಒತ್ತಿ ತಿರುವಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಕಣ್ಣು ಬೇಕಿಲ್ಲ, ಕೈಗೆ ಅಭ್ಯಾಸ. ಬಾಯಿಗೆ ಬಿಡುವು. ಅಕ್ಕಪಕ್ಕದ ಮನೆಯವರು ಮುಯ್ಯಾಳಾಗಿ ಬರುತ್ತಿದ್ದ ಕಾಲದಲ್ಲಿ ನಡುರಾತ್ರಿಯವರೆಗೂ ಕತೆ ನಡೆಯುತ್ತಿತ್ತು. ಸುಲಿಯುವ ಯಂತ್ರ ಬಂದ ಮನೆಗಳಲ್ಲಿ ಆ ಸದ್ದಿಗೆ ಮಾತೇ ಕೇಳುವುದಿಲ್ಲ.

ಅತಿಥಿಗಳು ಕಂಬಕ್ಕೆ ಒರಗಿ ಕೂತಾಗ ಬರುವ ಮಾತುಗಳಲ್ಲಿ ಆಟ, ತಾಳಮದ್ದಳೆ ಇದ್ದೇ ಇರುತ್ತದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ, 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ. ಯಜಮಾನರು ಅದನ್ನು ಯಾವ ಊರಿನ ಗದ್ದೆಯಲ್ಲಿ, ಯಾರ ಜೊತೆ, ಎಷ್ಟು ದೂರ ನಡೆದು ಹೋಗಿ ನೋಡಿದರು ಎಂದು ಹೇಳುತ್ತಾರೆ. ಅಜ್ಜಿ ನಡುವೆ ಬಾಯಿ ಹಾಕಿ ತಿದ್ದುತ್ತಾರೆ. ಇಂಥದನ್ನು ಬರೆದಷ್ಟೂ ಚೆನ್ನ.

ಆದರೆ ಸುಲಿಯುತ್ತ ಕೂತ ರಾತ್ರಿ ಬೇರೆ ಮಾತುಗಳೂ ಬರುತ್ತವೆ. ಮಗ ಊರಿಗೆ ಮರಳುತ್ತಾನೋ ಇಲ್ಲವೋ, ತೋಟ ನೋಡಿಕೊಂಡು ಊರಲ್ಲೇ ಇರುವ ಹುಡುಗರಿಗೆ ಹೆಣ್ಣು ಸಿಗುವುದಿಲ್ಲವಲ್ಲ, ಕಳೆದ ಮಳೆಗಾಲದ ಕೊಳೆರೋಗಕ್ಕೆ ಎಷ್ಟು ಹೋಯಿತು, ಅಣ್ಣತಮ್ಮಂದಿರ ಪಾಲು ಪಟ್ಟಿ. ಪರಿಚಯ ಸ್ವಲ್ಪವೇ ಇರುವವರ ಮುಂದೆ ಜನ ಎಷ್ಟೋ ಸಲ ಮನಸ್ಸು ಬಿಚ್ಚುತ್ತಾರೆ. ನಾಳೆ ಹೋಗುವವರು, ಊರಿಗೆ ಹೇಳುವವರಲ್ಲ ಎಂಬ ಧೈರ್ಯ. ಇವನ್ನು ಕಾಗದದಲ್ಲಿ ಬರೆಯಕೂಡದು. ‘ಅಂದು ನೀವು ಹೇಳಿದ ವಿಷಯ ನಮ್ಮಲ್ಲೇ ಇರುತ್ತದೆ’ ಎಂದು ಸೂಚಿಸುವುದೂ ತಪ್ಪು. ಕಾಗದವನ್ನು ಗಟ್ಟಿಯಾಗಿ ಓದುವ ಮನೆಯಲ್ಲಿ ‘ಯಾವ ವಿಷಯ?’ ಎಂದು ಇನ್ನೊಬ್ಬರು ಕೇಳಿಯೇ ಕೇಳುತ್ತಾರೆ. ‘ಮಗ ಆದಷ್ಟು ಬೇಗ ಊರಿಗೆ ಬರಲಿ’ ಎಂಬ ಹಾರೈಕೆ ಒಳ್ಳೆಯದೆಂದೇ ತೋರುತ್ತದೆ. ಆದರೆ ಆ ವಿಷಯಕ್ಕೆ ಅಪ್ಪ ಮಗನಿಗೆ ಮಾತು ನಿಂತಿದ್ದರೆ ಅದು ಗಾಯಕ್ಕೆ ಕೈ ಇಟ್ಟ ಹಾಗೆ. ಸಂಜೆಯ ಪ್ಯಾರಾದಲ್ಲಿ ನಾಲ್ಕು ಜನರ ಮುಂದೆ ನಡೆದ ಮಾತು ಮಾತ್ರ ಇರಲಿ:

“ಅಡಿಕೆ ಸುಲಿಯುವಾಗ ಅಜ್ಜಿಗೂ ರಾಯರಿಗೂ ಚಿಟ್ಟಾಣಿಯವರ ಭಸ್ಮಾಸುರ ನೋಡಿದ್ದು ಯಾವ ಊರಲ್ಲಿ ಎಂದು ವಾದ ಹತ್ತಿತ್ತಲ್ಲ, ತೀರ್ಮಾನ ಆಯಿತೇ? ನಮ್ಮವರು ಮೆಟ್ಟುಗತ್ತಿಯ ಮುಂದೆ ಕೂತು ಸುಲಿದದ್ದು ಒಂದು ಬೊಗಸೆಯೂ ಇರಲಿಲ್ಲ. ಅಷ್ಟರಲ್ಲಿ ಪಕ್ಕದವರ ಬುಟ್ಟಿ ತುಂಬಿತ್ತು. ಮಕ್ಕಳು ಸಿಪ್ಪೆಯ ರಾಶಿಯ ಮೇಲೇ ನಿದ್ದೆ ಹೋದರು. ಟೀವಿ ಬೇಕು ಎಂದು ಒಂದು ದಿನವೂ ಕೇಳಲಿಲ್ಲ.”

ಒಂದು ಕಷ್ಟದ ಪ್ರಶ್ನೆ ಉಳಿಯುತ್ತದೆ. ಮನೆಯಲ್ಲಿ ಏನಾದರೂ ಕೊರತೆ ಕಂಡಿದ್ದರೆ? ಕಿಟಕಿಯ ಜಾಲರಿ ಹರಿದು ಸೊಳ್ಳೆ ಬರುತ್ತಿತ್ತು, ಮಳೆಗಾಲದಲ್ಲಿ ಹೋದವರಿಗೆ ಉಂಬಳದ ಬಗ್ಗೆ ಯಾರೂ ಮುಂಚೆ ಹೇಳಿರಲಿಲ್ಲ, ಕೊನೆಯ ತಿರುವಿನಲ್ಲಿ ಬೋರ್ಡು ಇರಲಿಲ್ಲ. ಹೇಳುವುದರಿಂದ ಮುಂದಿನ ಅತಿಥಿಗಳಿಗೆ ಅನುಕೂಲ, ಮನೆಯವರಿಗೂ ಬೇಕಾದದ್ದೇ. ಆದರೆ ಅದಕ್ಕೆ ಕೃತಜ್ಞತೆಯ ಕಾಗದ ತಕ್ಕ ಜಾಗವಲ್ಲ. ಹೊಗಳಿಕೆಯ ನಡುವೆ ‘ಆದರೆ’ ಎಂದು ಒಂದು ಸಾಲು ಸೇರಿದರೆ, ಓದಿದವರ ಮನಸ್ಸಿನಲ್ಲಿ ನಿಲ್ಲುವುದು ಅದೊಂದೇ ಸಾಲು. ಹೊರಡುವ ದಿನವೇ, ಒಬ್ಬರೇ ಇರುವಾಗ, ಯಜಮಾನರಿಗೆ ಬಾಯಿಮಾತಿನಲ್ಲಿ ಹೇಳುವುದು ಸರಿ. ಅಂದು ಆಗದಿದ್ದರೆ ಆಮೇಲೆ ಫೋನು ಮಾಡಬಹುದು. ದುಡ್ಡಿನ ಮಾತೂ ಹಾಗೆಯೇ. ‘ಇಷ್ಟು ಕಡಿಮೆಗೆ ಇಷ್ಟೆಲ್ಲ ಕೊಟ್ಟಿರಿ’ ಎಂದು ಬರೆದರೆ ಕೊಟ್ಟದ್ದಕ್ಕೆಲ್ಲ ಬೆಲೆ ಕಟ್ಟಿದ ಹಾಗಾಗುತ್ತದೆ.

ಮುಗಿಸುವಾಗ ಮಾತು ಕೊಡುವ ಚಪಲ ಎಲ್ಲರಿಗೂ ಇರುತ್ತದೆ. ಫೋಟೋ ಕಳಿಸುತ್ತೇವೆ, ಪುಸ್ತಕ ಕಳಿಸುತ್ತೇವೆ, ಮುಂದಿನ ಮಳೆಗಾಲಕ್ಕೆ ಖಂಡಿತ ಬರುತ್ತೇವೆ. ಕಳಿಸುವುದಾದರೆ ಕಾಗದದ ಜೊತೆಗೇ ಕಳಿಸಬೇಕು, ಇಲ್ಲವಾದರೆ ಆ ಮಾತನ್ನೇ ಬರೆಯಬಾರದು. ಫೋಟೋಗಳನ್ನು ಮೊಬೈಲಿಗೆ ಕಳಿಸಿದರೆ ಅವು ಮಗನ ಫೋನಿನಲ್ಲಿ ಉಳಿಯುತ್ತವೆ, ಅಜ್ಜಿಯ ಕೈಗೆ ಬರುವುದಿಲ್ಲ. ಸ್ಟುಡಿಯೋದಲ್ಲಿ ಎರಡು ಮೂರು ಪ್ರಿಂಟು ಹಾಕಿಸಿ ಲಕೋಟೆಯಲ್ಲಿ ಇಡುವುದು ಒಳ್ಳೆಯದು: ಅಜ್ಜಿ ಭರಣಿಯ ಪಕ್ಕ ಕೂತದ್ದು, ಅಕ್ಕ ಒಲೆಯ ಮುಂದೆ ಇರುವುದು, ಕೊನೆಗೌಡ ಮರದ ತುದಿಯಲ್ಲಿ ಇರುವುದು. ಹಿಂಬದಿಯಲ್ಲಿ ತಿಂಗಳು, ವರ್ಷ ಬರೆದಿರಲಿ. ಅತಿಥಿಗಳು ತಮ್ಮದೇ ಮುಖ ತುಂಬಿದ ಫೋಟೋಗಳನ್ನು ಕಳಿಸುವ ಅಗತ್ಯ ಇಲ್ಲ. ಅಜ್ಜಿಯ ಚಿತ್ರವೋ ಕೊನೆಗೌಡನ ಚಿತ್ರವೋ ಬೇರೆಲ್ಲೂ ಹಾಕುವುದಾದರೆ ಮೊದಲು ಅವರನ್ನು ಕೇಳಬೇಕು. ಅದಕ್ಕೂ ಈ ಕಾಗದವೇ ಸರಿಯಾದ ಸಂದರ್ಭ.

“ಮೂರು ಫೋಟೋ ಇಟ್ಟಿದ್ದೇನೆ. ಒಂದು ಕೊನೆಗೌಡರಿಗೆ. ನೀವು ಬೆಂಗಳೂರಿಗೆ ಬಂದಾಗ ನಮ್ಮ ಮನೆಗೇ ಬರಬೇಕು, ಲಾಡ್ಜಿನಲ್ಲಿ ಉಳಿಯಬೇಡಿ. ವಿಳಾಸ ಕೆಳಗೆ ಬರೆದಿದ್ದೇನೆ. ಅಜ್ಜಿಗೆ ಮಕ್ಕಳ ನಮಸ್ಕಾರ. ಇತಿ.”

ಲಕೋಟೆಯ ಮೇಲಿನ ವಿಳಾಸದಲ್ಲಿ ಎಡವುವವರು ಬಹಳ. ಮಲೆನಾಡಿನ ಮನೆಗಳು ಒಂದು ಕಡೆ ಗುಂಪಾಗಿ ಇರುವುದಿಲ್ಲ. ನಾಲ್ಕು ಮನೆಯ ಕೇರಿಗೂ ಒಂದು ಹೆಸರು, ಅಂಚೆ ಕಚೇರಿ ಇರುವುದು ಮೈಲಿ ದೂರದ ಇನ್ನೊಂದು ಹೆಸರಿನ ಊರಲ್ಲಿ. ಹೋಂಸ್ಟೇಯ ಬೋರ್ಡಿನ ಹೆಸರು ಅಂಚೆಯವನಿಗೆ ಗೊತ್ತಿಲ್ಲದೇ ಇರಬಹುದು, ಯಜಮಾನರ ಹೆಸರು ಗೊತ್ತಿರುತ್ತದೆ. ಆದ್ದರಿಂದ ಮೊದಲು ಯಜಮಾನರ ಪೂರ್ತಿ ಹೆಸರು, ಆಮೇಲೆ ಕೇರಿ, ‘ಅಂಚೆ’ ಎಂದು ಬರೆದು ಅಂಚೆ ಕಚೇರಿಯ ಊರು, ತಾಲ್ಲೂಕು ಶಿರಸಿ, ಜಿಲ್ಲೆ ಉತ್ತರ ಕನ್ನಡ, ಆರು ಅಂಕಿಯ ಪಿನ್ ಕೋಡ್. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ಹೆಗಡೆಯವರು, ಇಬ್ಬರು ಭಟ್ಟರು ಇರುವುದು ಸಾಮಾನ್ಯ. ತಂದೆಯ ಹೆಸರೂ ಇದ್ದರೆ ಕಾಗದ ಪಕ್ಕದ ಮನೆಗೆ ಹೋಗುವುದು ತಪ್ಪುತ್ತದೆ. ಹೊರಡುವಾಗಲೇ ಕೇಳಿ ಬರೆದುಕೊಂಡಿದ್ದರೆ ಸುಲಭ.

ಉತ್ತರದ ಕಾಗದಕ್ಕೆ ಕಾಯಬೇಕಿಲ್ಲ. ಕೊಯ್ಲು ಮುಗಿಯುವವರೆಗೆ ಆ ಮನೆಯಲ್ಲಿ ಪೆನ್ನು ಹಿಡಿಯಲು ಯಾರಿಗೂ ಪುರುಸೊತ್ತಿಲ್ಲ. ಬಂದರೆ ಫೋನು ಬರುತ್ತದೆ, ಅದೂ ಸಿಗ್ನಲ್ ಸಿಗುವ ಗುಡ್ಡದ ಮೇಲಿಂದ: “ಕಾಗದ ಬಂತು. ಅಜ್ಜಿಗೆ ಎರಡು ಸಲ ಓದಿ ಹೇಳಿದ್ವಿ. ಈ ಸಲ ಮಿಡಿ ಹಾಕುವಾಗ ನಿಮಗೂ ಒಂದು ಭರಣಿ ಇಡಲು ಹೇಳಿದ್ದಾರೆ.” ಆಗ ಅದರ ಬೆಲೆ ಕೇಳಬೇಕೇ ಬೇಡವೇ? ಆ ಮನೆಯವರು ಉಪ್ಪಿನಕಾಯಿ ಮಾರುವವರಾದರೆ ಕೇಳಲೇಬೇಕು, ಅದು ಅವರ ದುಡಿಮೆ. ಮಾರುವವರಲ್ಲದಿದ್ದರೆ ಕೇಳುವುದು ಬೇಡ. ಮುಂದಿನ ಸಲ ಹೋಗುವಾಗ ಖಾಲಿ ಭರಣಿಯನ್ನು ತೊಳೆದು ಒಣಗಿಸಿ, ಬೆಂಗಳೂರಿನ ಗಾಂಧಿಬಜಾರಿನಿಂದ ಅಜ್ಜಿಗೆ ಹಿಡಿಸುವಂಥದ್ದೇನಾದರೂ ತುಂಬಿಕೊಂಡು ಹೋದರೆ ಆಯಿತು. ನೀರು ಸೋಕಿದ ಭರಣಿ ಮಾತ್ರ ಕೊಡಬೇಡಿ. ಅದರಲ್ಲಿ ಹಾಕಿದ ಮಿಡಿ ಮಳೆಗಾಲ ದಾಟುವುದಿಲ್ಲ.